‘ಬೆಳಕು ಮಂದವಾಗುತ್ತದೆ’ ಅಂತ ಬರೆದರೆ ಸಾಲಲ್ಲ: ಸ್ಪರ್ಧೆ ನಾಟಕದ ಸ್ಕ್ರಿಪ್ಟಲ್ಲಿ ರಂಗಸೂಚನೆ, ಲೈಟ್ ಕ್ಯೂ ಬರೆಯೋದು ಹೇಗೆ?

ಬಿನ್ನಿಪೇಟೆ: ಅಂತರ ಕಾಲೇಜು ನಾಟಕ ಸ್ಪರ್ಧೆಗೆ ಹೋಗುವ ತಂಡಗಳು ವಾರಗಟ್ಟಲೆ ರಿಹರ್ಸಲ್ ಮಾಡುತ್ತವೆ. ಹೆಚ್ಚಾಗಿ ಅದು ನಡೆಯೋದು ಕ್ಲಾಸ್‌ರೂಮಲ್ಲಿ, ಬೆಂಚು ಪಕ್ಕಕ್ಕೆ ತಳ್ಳಿ, ಟ್ಯೂಬ್‌ಲೈಟ್ ಕೆಳಗೆ. ಮಾತು ಬಾಯಿಗೆ ಬಂದಿರುತ್ತೆ, ಯಾರು ಎಲ್ಲಿ ನಿಲ್ಲಬೇಕು ಅನ್ನೋದೂ ಗೊತ್ತಿರುತ್ತೆ. ಆದರೆ ನಿಜವಾದ ಬೆಳಕು ಸಿಗೋದು ಸ್ಪರ್ಧೆಯ ದಿನ, ರಂಗದ ಮೇಲೇ.

ಅವತ್ತು ಲೈಟ್ ಬೋರ್ಡ್ ಮುಂದೆ ಕೂರುವವರು ಎಷ್ಟೋ ಸಲ ಆ ಸಭಾಂಗಣದ ಆಪರೇಟರೇ ಆಗಿರುತ್ತಾರೆ. ಅವರು ಆ ನಾಟಕವನ್ನು ಒಮ್ಮೆಯೂ ನೋಡಿರಲ್ಲ. ಕಥೆ ಏನು, ಎಲ್ಲಿ ಕತ್ತಲಾಗಬೇಕು, ಎಲ್ಲಿ ಆಗಬಾರದು ಅನ್ನೋದು ಅವರಿಗೆ ತಿಳಿಯೋದು ತಂಡ ಕೈಗೆ ಕೊಡುವ ನಾಲ್ಕು ಹಾಳೆಯಿಂದ. ಆ ಹಾಳೆಯಲ್ಲಿ ‘ಬೆಳಕು ಮಂದವಾಗುತ್ತದೆ’ ಅಂತ ಮಾತ್ರ ಇದ್ದರೆ, ಯಾವ ಬೆಳಕು, ಎಷ್ಟು ಮಂದ, ಯಾವಾಗಿನಿಂದ ಎಂದು ಅವರು ಊಹೆ ಮಾಡಬೇಕಾಗುತ್ತೆ. ಊಹೆ ತಪ್ಪಿದರೆ ನಾಯಕ ಕತ್ತಲಲ್ಲಿ ನಿಂತು ಮಾತಾಡುತ್ತಾನೆ, ಖಾಲಿ ಕುರ್ಚಿ ಮೇಲೆ ಬೆಳಕು ಬೀಳುತ್ತೆ.

ಹಾಗಾಗಿ ಸ್ಪರ್ಧೆಯ ಸ್ಕ್ರಿಪ್ಟನ್ನು ಪುಸ್ತಕದ ನಾಟಕದ ಹಾಗೆ ಬರೆದರೆ ನಡೆಯಲ್ಲ. ಅದನ್ನು ಅಪರಿಚಿತ ವ್ಯಕ್ತಿಯೊಬ್ಬರು ಓದಿ, ಕೈಯಲ್ಲಿ ಮಾಡಿ ತೋರಿಸುವ ಹಾಗೆ ಬರೆಯಬೇಕು. ಹೇಗೆ ಅನ್ನೋದರ ವಿವರ ಇಲ್ಲಿದೆ.

ನಿಯಮ ಏನು ಹೇಳುತ್ತೆ?

ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಯುವಜನೋತ್ಸವದಲ್ಲಿ ಏಕಾಂಕ ನಾಟಕಕ್ಕೆ 30 ನಿಮಿಷದ ಮಿತಿ ಇದೆ. ಸೆಟ್ ಹಾಕಿ, ಮುಗಿದ ಮೇಲೆ ತೆಗೆಯೋಕೆ 10 ನಿಮಿಷದವರೆಗೆ ಸಿಗುತ್ತೆ. ಅಲ್ಲಿನ ಮುಖ್ಯ ಕಟ್ಟಳೆ ‘ಖಾಲಿ ರಂಗದಿಂದ ಖಾಲಿ ರಂಗ’. ಅಂದರೆ ತಂಡಕ್ಕೆ ಖಾಲಿ ವೇದಿಕೆ ಸಿಗುತ್ತೆ, ತಂಡ ಮತ್ತೆ ಖಾಲಿ ವೇದಿಕೆಯನ್ನೇ ಬಿಟ್ಟು ಹೋಗಬೇಕು. ಬೇರೆ ಸ್ಪರ್ಧೆಗಳಲ್ಲಿ ನಿಮಿಷಗಳು ಹೆಚ್ಚು ಕಡಿಮೆ ಆಗಬಹುದು. ಆಯಾ ಸ್ಪರ್ಧೆಯ ಕರಪತ್ರವನ್ನೇ ನೋಡಿಕೊಳ್ಳಬೇಕು.

ಇನ್ನೊಂದು ವಿಷಯ. ಆ ಯುವಜನೋತ್ಸವದಲ್ಲಿ ಸೆಟ್, ಪರಿಕರ, ಮೇಕಪ್ ಸಾಮಾನು ತಂಡವೇ ತರಬೇಕು. ಲೈಟು ಮತ್ತು ಸಾಧಾರಣ ಕುರ್ಚಿ ಮೇಜು ಮಾತ್ರ ಆಯೋಜಕರ ಕಡೆಯಿಂದ ಸಿಗಬಹುದು. ಅಂದರೆ ಲೈಟು ತಂಡದ್ದಲ್ಲ, ಎಲ್ಲರಿಗೂ ಸೇರಿದ್ದು. ಒಂದು ತಂಡಕ್ಕಾಗಿ ಏಣಿ ಹಾಕಿ ಲೈಟ್ ತಿರುಗಿಸೋಕೆ ಸಮಯ ಇರಲ್ಲ. ಮೊದಲೇ ಕಟ್ಟಿಟ್ಟ ಲೈಟಿನಲ್ಲೇ ಕೆಲಸ ಆಗಬೇಕು.

ಇದಕ್ಕೇ ಅನುಭವ ಇರೋರು ಸ್ಕ್ರಿಪ್ಟಲ್ಲಿ ಇಂಥ ಕಂಪನಿಯ ಇಂಥ ಲೈಟ್ ಬೇಕು ಅಂತ ಬರೆಯಲ್ಲ. ರಂಗದ ಯಾವ ಜಾಗಕ್ಕೆ ಬೆಳಕು ಬೇಕು ಅಂತ ಬರೆಯುತ್ತಾರೆ. ಜಾಗ ಹೇಳಿದರೆ ಅದಕ್ಕೆ ಯಾವ ಲೈಟ್ ಹಾಕಬೇಕು ಅನ್ನೋದು ಆಪರೇಟರ್‌ಗೆ ಗೊತ್ತಿರುತ್ತೆ.

ಮೊದಲು ರಂಗವನ್ನು ಆರು ಭಾಗ ಮಾಡಿ

ರಂಗದಲ್ಲಿ ಎಡ, ಬಲ ಅನ್ನೋದು ಪ್ರೇಕ್ಷಕರ ಕಡೆಗೆ ಮುಖ ಮಾಡಿ ನಿಂತ ನಟನ ಎಡ, ಬಲ. ಸಭೆಯಲ್ಲಿ ಕೂತವರಿಗೆ ಅದು ಉಲ್ಟಾ. ಹೊಸ ತಂಡಗಳು ಎಡವೋದು ಮೊದಲು ಇಲ್ಲೇ. ನಿರ್ದೇಶಕ ಕುರ್ಚಿಯಲ್ಲಿ ಕೂತು ತನ್ನ ಬಲ ನೋಡಿ ‘ಬಲಕ್ಕೆ’ ಅಂತ ಬರೆದಿರುತ್ತಾನೆ, ನಟ ತನ್ನ ಬಲಕ್ಕೆ ಹೋಗುತ್ತಾನೆ, ಆಪರೇಟರ್ ಇನ್ನೊಂದು ಕಡೆ ಬೆಳಕು ಕೊಡುತ್ತಾನೆ. ಸ್ಕ್ರಿಪ್ಟಿನ ಮೊದಲ ಪುಟದಲ್ಲೇ ‘ಎಡ ಬಲ ಎಲ್ಲವೂ ನಟನ ಕಡೆಯಿಂದ’ ಎಂದು ಒಂದು ಸಾಲು ಹಾಕಿದರೆ ಈ ಗೊಂದಲ ಹೋಗುತ್ತೆ.

ಇಂಗ್ಲಿಷ್ ಪದ ಬಳಸುವವರು ಪ್ರೇಕ್ಷಕರ ಹತ್ತಿರದ ಭಾಗಕ್ಕೆ ಡೌನ್ ಸ್ಟೇಜ್, ದೂರದ ಭಾಗಕ್ಕೆ ಅಪ್ ಸ್ಟೇಜ್ ಅನ್ನುತ್ತಾರೆ. ಹಿಂದೆ ಯುರೋಪಿನ ರಂಗಮಂದಿರಗಳಲ್ಲಿ ವೇದಿಕೆ ಹಿಂಬದಿಗೆ ಎತ್ತರವಾಗಿ, ಇಳಿಜಾರಾಗಿ ಇರುತ್ತಿತ್ತು. ಆ ಹೆಸರು ಹಾಗೇ ಉಳಿದಿದೆ. ಕನ್ನಡದಲ್ಲಿ ‘ಮುಂದೆ’, ‘ಹಿಂದೆ’ ಅಂದರೂ ಸಾಕು.

ಈಗ ರಂಗವನ್ನು ಮುಂದೆ ಮೂರು, ಹಿಂದೆ ಮೂರು ಎಂದು ಆರು ಚೌಕ ಮಾಡಿಕೊಳ್ಳಿ. ಮುಂದಿನ ಬಲ 1, ಮುಂದಿನ ನಡು 2, ಮುಂದಿನ ಎಡ 3. ಹಿಂದಿನ ಬಲ 4, ಹಿಂದಿನ ನಡು 5, ಹಿಂದಿನ ಎಡ 6. ಕ್ಲಾಸ್‌ರೂಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಈ ಚೌಕ ಬರೆದು ರಿಹರ್ಸಲ್ ಮಾಡಿದರೆ, ನಟರ ಕಾಲಿಗೂ ಬೆಳಕಿನ ಹಾಳೆಗೂ ಒಂದೇ ಲೆಕ್ಕ ಬರುತ್ತೆ.

ರಂಗಸೂಚನೆ ನಟನಿಗೆ, ಕ್ಯೂ ಆಪರೇಟರ್‌ಗೆ

ರಂಗಸೂಚನೆ ಅಂದರೆ ಮಾತಿನ ನಡುವೆ ಕಂಸದಲ್ಲಿ ಬರೆಯುವ ಸಾಲು. ಯಾರು ಎಲ್ಲಿಂದ ಬರುತ್ತಾರೆ, ಏನು ಮಾಡುತ್ತಾರೆ ಅನ್ನೋದು ಅಲ್ಲಿರುತ್ತೆ. ಬೆಳಕಿನ ಕ್ಯೂ ಅಂದರೆ ‘ಈಗ ಬೆಳಕು ಬದಲಾಯಿಸು’ ಅನ್ನೋ ಆಜ್ಞೆ. ಎರಡನ್ನೂ ಒಂದೇ ಕಂಸದೊಳಗೆ ತುರುಕಿದರೆ ಕತ್ತಲಲ್ಲಿ ಕೂತ ಆಪರೇಟರ್‌ಗೆ ತನ್ನ ಸಾಲು ಯಾವುದು ಅಂತ ಹುಡುಕೋಕೆ ಆಗಲ್ಲ. ಅದಕ್ಕೇ ಕ್ಯೂಗಳನ್ನು ಹಾಳೆಯ ಅಂಚಿನಲ್ಲಿ, ನಂಬರ್ ಹಾಕಿ, ಬೇರೆಯಾಗಿ ಬರೆಯುತ್ತಾರೆ.

ಒಂದು ಕ್ಯೂನಲ್ಲಿ ನಾಲ್ಕು ವಿಷಯ ಇರಲೇಬೇಕು. ಯಾವಾಗ, ಎಲ್ಲಿ, ಎಷ್ಟು, ಎಷ್ಟು ಹೊತ್ತಿನಲ್ಲಿ. ‘ಅಮ್ಮ ಬಾಗಿಲು ಹಾಕಿದ ಸದ್ದಿಗೆ, 3ನೇ ಜಾಗ, ಪೂರ್ತಿ ಆಫ್, 4 ಸೆಕೆಂಡಿನಲ್ಲಿ’ ಅಂದರೆ ಅದು ಕ್ಯೂ. ‘ಬೇಸರದ ವಾತಾವರಣ ಆವರಿಸುತ್ತದೆ’ ಅಂದರೆ ಅದು ಆಸೆ.

ನಾಲ್ಕರಲ್ಲಿ ‘ಯಾವಾಗ’ ಅನ್ನೋದೇ ಕಷ್ಟದ್ದು. ಮಾತಿನ ಕೊನೆ ಪದವನ್ನು ಗುರುತಾಗಿ ಇಟ್ಟುಕೊಳ್ಳಬಹುದು. ಆದರೆ ಅದೇ ಪದ ಅರ್ಧ ಪುಟ ಮೊದಲೂ ಬಂದಿದ್ದರೆ ಲೈಟ್ ಬೇಗ ಹೋಗಿಬಿಡುತ್ತೆ. ನಟ ಗಾಬರಿಯಲ್ಲಿ ಮಾತು ತಿರುಗಿಸಿ ಹೇಳಿದರೆ ಆ ಪದ ಬರೋದೇ ಇಲ್ಲ, ಆಪರೇಟರ್ ಕಾಯುತ್ತಲೇ ಇರುತ್ತಾನೆ. ಕಣ್ಣಿಗೆ ಕಾಣುವ ಕೆಲಸ ಅಥವಾ ಕಿವಿಗೆ ಬೀಳುವ ಸದ್ದು ಇದಕ್ಕಿಂತ ನಂಬಿಕಸ್ಥ. ಲೋಟ ಕೆಳಗಿಟ್ಟಿದ್ದು, ಬಾಗಿಲು ಬಡಿದದ್ದು, ಎದ್ದು ನಿಂತದ್ದು ಎಲ್ಲರಿಗೂ ಗೊತ್ತಾಗುತ್ತೆ. ಅಂಥ ಕೆಲಸ ಇಲ್ಲದ ಕಡೆ ಮಾತ್ರ ಮಾತಿನ ಗುರುತು ಇಟ್ಟುಕೊಳ್ಳೋದು ಒಳ್ಳೇದು.

ಒಂದು ದೃಶ್ಯ ತಗೊಂಡು ನೋಡೋಣ

ಉದಾಹರಣೆಗೆ ಬಿನ್ನಿ ಮಿಲ್ ಕಾರ್ಮಿಕರ ಮೇಲೆ ಒಂದು ಏಕಾಂಕ ಅಂತ ಇಟ್ಟುಕೊಳ್ಳಿ. 1884ರಲ್ಲಿ ಶುರುವಾದ ಈ ಮಿಲ್ಲಿನಿಂದಲೇ ಪೇಟೆಗೆ ಈ ಹೆಸರು. ಗೇಟು ಮುಚ್ಚಿದ ದಿನ ಒಂದು ಮನೆಯಲ್ಲಿ ಏನಾಯ್ತು ಅನ್ನೋದು ಕಥೆ. ಇದು ವಿವರಣೆಗೆ ಕಲ್ಪಿಸಿದ ದೃಶ್ಯ. ಸಾಮಾನ್ಯವಾಗಿ ಹುಡುಗರು ಬರೆಯೋದು ಹೀಗಿರುತ್ತೆ:

‘ವಠಾರದ ಮನೆ. ಸಂಜೆ. ಅಪ್ಪ ಬೇಸರದಿಂದ ಒಳಗೆ ಬರುತ್ತಾನೆ. ಬೆಳಕು ಮಂದವಾಗುತ್ತದೆ. ಹಳೆಯ ದಿನಗಳ ನೆನಪು. ಮತ್ತೆ ಮನೆ. ಕತ್ತಲು.’

ಓದೋಕೆ ಚೆನ್ನಾಗಿದೆ. ಮಾಡೋಕೆ ಹೋದರೆ ಒಂದೂ ಗೊತ್ತಾಗಲ್ಲ. ಮೊದಲು ಜಾಗ ಗೊತ್ತು ಮಾಡಬೇಕು. ಒಲೆ 1ರಲ್ಲಿ, ಬೆಂಚು 2ರಲ್ಲಿ, ಬಾಗಿಲು 3ರ ಪಕ್ಕದ ವಿಂಗ್‌ನಲ್ಲಿ. ನೆನಪಿನಲ್ಲಿ ಬರುವ ಮಿಲ್ಲಿನ ಗೇಟು ಹಿಂದೆ, 6ರಲ್ಲಿ.

ಆಮೇಲೆ ‘ಬೇಸರದಿಂದ’ ಅನ್ನೋ ಪದ. ಬೇಸರವನ್ನು ಹೇಗೆ ತೋರಿಸಬೇಕು ಅಂತ ನಟನಿಗೆ ಈ ಪದ ಹೇಳಲ್ಲ. ಅದರ ಬದಲು ‘ಚಪ್ಪಲಿ ಬಿಡದೆ ಒಳಗೆ ಬರುತ್ತಾನೆ. ಹೆಂಡತಿ ಕಡೆ ನೋಡುವುದಿಲ್ಲ. ಟಿಫನ್ ಕ್ಯಾರಿಯರ್ ಬೆಂಚಿನ ಮೇಲೆ ಇಡುತ್ತಾನೆ’ ಎಂದು ಬರೆದರೆ, ದಿನಾ ಹೊಸ್ತಿಲಲ್ಲೇ ಚಪ್ಪಲಿ ಬಿಡುವ ಮನುಷ್ಯನಿಗೆ ಇವತ್ತು ಏನೋ ಆಗಿದೆ ಅಂತ ಪ್ರೇಕ್ಷಕರಿಗೆ ತಾನೇ ತಿಳಿಯುತ್ತೆ. ಜೊತೆಗೆ ಕ್ಯಾರಿಯರ್ ಇಟ್ಟ ಸದ್ದು ಬೆಳಕಿಗೂ ಒಂದು ಗುರುತಾಗುತ್ತೆ.

ಇನ್ನು ಕ್ಯೂಗಳು:

ಕ್ಯೂ 1. ಅಮ್ಮ ಒಲೆ ಮುಂದೆ ಕೂತ ಮೇಲೆ, ಪಕ್ಕದಿಂದ ಸನ್ನೆ ಸಿಕ್ಕಾಗ. 1 ಮತ್ತು 2, ಮುಕ್ಕಾಲು ಭಾಗ, 5 ಸೆಕೆಂಡಿನಲ್ಲಿ. ಹಳದಿ ಬಣ್ಣ.

ಕ್ಯೂ 2. ಅಮ್ಮ ಬಾಗಿಲ ಕಡೆ ತಲೆ ತಿರುಗಿಸಿದಾಗ. 3ನೇ ಜಾಗ ಸೇರಲಿ, ಅರ್ಧ ಭಾಗ, 3 ಸೆಕೆಂಡಿನಲ್ಲಿ.

ಕ್ಯೂ 3. ಕ್ಯಾರಿಯರ್ ಬೆಂಚಿಗೆ ತಾಗಿದ ಸದ್ದಿಗೆ. 3 ಪೂರ್ತಿ ಆಫ್, 4 ಸೆಕೆಂಡಿನಲ್ಲಿ.

ಕ್ಯೂ 4. ‘ಇವತ್ತು ಗೇಟೇ ತೆಗೀಲಿಲ್ಲ’ ಎಂದು ಹೇಳಿ ಅಪ್ಪ ಎದ್ದು ನಿಂತಾಗ. 1 ಮತ್ತು 2 ಇಳಿಯಲಿ, 6 ಏರಲಿ, ಎರಡೂ ಒಟ್ಟಿಗೆ, 6 ಸೆಕೆಂಡಿನಲ್ಲಿ. 6ಕ್ಕೆ ನೀಲಿ.

ಕ್ಯೂ 5. ಅಪ್ಪ ಗೇಟಿಗೆ ಎರಡನೇ ಸಲ ಬಡಿದಾಗ. 6 ತಕ್ಷಣ ಆಫ್, 2 ತಕ್ಷಣ ಆನ್.

ಕ್ಯೂ 6. ಅಮ್ಮ ಕ್ಯಾರಿಯರ್ ಮುಚ್ಚಳ ಮುಚ್ಚಿದ ಸದ್ದಿಗೆ. ಎಲ್ಲ ಆಫ್, ತಕ್ಷಣ.

ಕ್ಯೂ 2ನ್ನು ಗಮನಿಸಿ. ಅಪ್ಪ ಬರುವುದಕ್ಕೂ ಮೊದಲೇ ಬಾಗಿಲ ಜಾಗ ಬೆಳಗುತ್ತೆ. ನಟ ಬಂದ ಮೇಲೆ ಬೆಳಕು ಬಂದರೆ ಅದು ಓಡಿ ಬಂದು ಸೇರಿಕೊಂಡ ಹಾಗೆ ಕಾಣುತ್ತೆ. ಒಂದೆರಡು ಸೆಕೆಂಡ್ ಮೊದಲೇ ಬಂದರೆ ಯಾರಿಗೂ ಗೊತ್ತಾಗಲ್ಲ.

ಈಗ ಕ್ಯೂ 5 ನೋಡಿ. ಇಲ್ಲೊಂದು ತಪ್ಪಿದೆ. ಗೇಟು ಬಡಿಯುವಾಗ ಅಪ್ಪ ಇರೋದು 6ರಲ್ಲಿ, ಹಿಂದೆ. ಬೆಳಕು ತಕ್ಷಣ ಹಾರಿದ್ದು 2ಕ್ಕೆ, ಮನೆಯ ಬೆಂಚಿಗೆ. ಬೆಂಚು ಖಾಲಿ. ಅಪ್ಪ ಕತ್ತಲಲ್ಲಿ ಓಡಿ ಬರಬೇಕು, ಬರುವಾಗ ಕಾಲಿಗೆ ಏನು ಸಿಗುತ್ತೋ ಗೊತ್ತಿಲ್ಲ. ಕ್ಲಾಸ್‌ರೂಮಲ್ಲಿ ಇದು ತಿಳಿಯೋದೇ ಇಲ್ಲ, ಯಾಕಂದ್ರೆ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಜಾಗಕ್ಕೂ ಬೆಳಕಿರುತ್ತೆ. ಹಾಳೆಯಲ್ಲಿ ನಟನ ಜಾಗ ಮತ್ತು ಬೆಳಕಿನ ಜಾಗ ಎರಡನ್ನೂ ಪಕ್ಕಪಕ್ಕ ಬರೆದಾಗ ಮಾತ್ರ ಕಣ್ಣಿಗೆ ಬೀಳುತ್ತೆ.

ಸರಿಪಡಿಸೋದು ಸುಲಭ. ಗೇಟು ಬಡಿದ ಮೇಲೆ ಅಮ್ಮ ಕತ್ತಲಿಂದಲೇ ‘ಊಟ ಮಾಡ್ತೀರಾ?’ ಅಂತ ಕೇಳುತ್ತಾಳೆ. ಆ ಮಾತಿಗೆ 2ರಲ್ಲಿ ನಿಧಾನವಾಗಿ ಬೆಳಕು ಬರುತ್ತೆ. 6ರ ನೀಲಿ ಇನ್ನೂ ಇರುತ್ತೆ. ಅಪ್ಪ ಆ ಬೆಳಕಿನ ಕಡೆ ನಡೆದು ಬಂದು ಬೆಂಚಲ್ಲಿ ಕೂತ ಮೇಲೆ 6 ಆರುತ್ತೆ. ಒಂದು ಕ್ಯೂ ಎರಡಾಯ್ತು, 5 ಮತ್ತು 5ಎ. ಆದರೆ ಮನುಷ್ಯ ನೆನಪಿನಿಂದ ಮನೆಗೆ ನಡೆದು ಬಂದ ಹಾಗೂ ಆಯ್ತು, ಓಡುವ ಗಂಡಾಂತರವೂ ತಪ್ಪಿತು.

ಬ್ಲ್ಯಾಕೌಟ್ ಅಂದ್ರೆ ಸಮಯದ ಖರ್ಚು

ಪ್ರತಿ ದೃಶ್ಯದ ಕೊನೆಗೂ ‘ಕತ್ತಲು’ ಅಂತ ಬರೆಯೋದು ರೂಢಿ. 30 ನಿಮಿಷದ ನಾಟಕದಲ್ಲಿ ಎಂಟು ದೃಶ್ಯ ಇದ್ದರೆ ನಡುವೆ ಏಳು ಕತ್ತಲು. ಒಂದೊಂದರಲ್ಲೂ ಮೇಜು ಕುರ್ಚಿ ಬದಲಿಸೋಕೆ 15 ಸೆಕೆಂಡ್ ಅಂದುಕೊಂಡರೂ 105 ಸೆಕೆಂಡ್. ಎರಡು ನಿಮಿಷಕ್ಕೆ 15 ಸೆಕೆಂಡ್ ಮಾತ್ರ ಕಡಿಮೆ. ಕ್ಲಾಸ್‌ರೂಮಲ್ಲಿ ಈ ಸಮಯ ಲೆಕ್ಕಕ್ಕೇ ಬಂದಿರಲ್ಲ. ಅಲ್ಲಿ 29 ನಿಮಿಷಕ್ಕೆ ಮುಗಿದ ನಾಟಕ ಸ್ಪರ್ಧೆಯಲ್ಲಿ ಮಿತಿ ದಾಟೋದು ಹೀಗೇ.

ಇದಕ್ಕೆ ಹಳೇ ಕಂಪನಿ ನಾಟಕಗಳ ಕಡೆಯಿಂದ ಬಂದ ಒಂದು ಉಪಾಯ ಇದೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿ 13 ದೃಶ್ಯಗಳಿವೆ. ಪಾರ್ಸಿ ರಂಗಭೂಮಿಯಲ್ಲಿ ‘ಆಳದ ದೃಶ್ಯ’ ಮತ್ತು ‘ಮುಂಭಾಗದ ದೃಶ್ಯ’ ಒಂದಾದ ಮೇಲೊಂದು ಬರುತ್ತಿದ್ದವು. ಆ ಕ್ರಮವನ್ನು ಈ ನಾಟಕದ ರಚನೆಗೆ ಬಳಸಿಕೊಂಡದ್ದಾಗಿ ಕಾರ್ನಾಡರೇ ಬರೆದಿದ್ದಾರೆ. ಅರಮನೆ ಅಂದರೆ ರಂಗದ ಪೂರ್ತಿ ಆಳ ಬೇಕು. ಬೀದಿ ದೃಶ್ಯಕ್ಕೆ ಪರದೆಯ ಮುಂದಿನ ಕಿರಿದಾದ ಜಾಗ ಸಾಕು. ಬೀದಿಯ ಜನ ಮುಂದೆ ಮಾತಾಡುತ್ತಿರುವಾಗ ಪರದೆಯ ಹಿಂದೆ ಮುಂದಿನ ದೃಶ್ಯದ ಸಾಮಾನು ಬದಲಾಗುತ್ತೆ. ಪ್ರೇಕ್ಷಕರು ಕಾಯಬೇಕಾಗಿಲ್ಲ.

ಸ್ಪರ್ಧೆಯಲ್ಲಿ ಪರದೆಯ ಕೆಲಸವನ್ನು ಬೆಳಕೇ ಮಾಡಬಹುದು. 1, 2, 3ರಲ್ಲಿ ಮಾತ್ರ ಬೆಳಕು ಇಟ್ಟು ಅಲ್ಲೊಂದು ಸಣ್ಣ ದೃಶ್ಯ ನಡೆಸಿದರೆ, ಹಿಂದಿನ 4, 5, 6ರಲ್ಲಿ ಸದ್ದಿಲ್ಲದೆ ಸಾಮಾನು ಇಡಬಹುದು. ಮಿತಿ ಒಂದೇ. ಮುಂದಿನ ಲೈಟು ಮೇಲಿಂದ ಕೆಳಗೆ ಬೀಳುತ್ತಿದ್ದರೆ ಮಾತ್ರ ಹಿಂದೆ ಕತ್ತಲಿರುತ್ತೆ. ಸಭೆಯ ಕಡೆಯಿಂದ ನೇರವಾಗಿ ಬರುವ ಲೈಟ್ ಹಿಂದಿನ ಗೋಡೆವರೆಗೂ ಹೋಗುತ್ತೆ, ಸಾಮಾನು ಹೊರುವವರೆಲ್ಲ ಕಾಣಿಸುತ್ತಾರೆ. ಅಲ್ಲಿನ ಲೈಟ್ ಎಲ್ಲಿಂದ ಬೀಳುತ್ತೆ ಅಂತ ಮೊದಲೇ ಹೋಗಿ ನೋಡಿಕೊಂಡು ಬಂದರೆ ಒಳ್ಳೇದು.

ಕತ್ತಲು ಎಲ್ಲ ಕಡೆ ಸಿಗುತ್ತೆ ಅನ್ನೋದೂ ತಪ್ಪು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಒಳಗೆ ಹಗಲಲ್ಲೂ ಕತ್ತಲು ಮಾಡಬಹುದು. ಅದೇ ಆವರಣದ ಸಂಸ ಬಯಲು ರಂಗಮಂದಿರದಲ್ಲಿ ಸೂರ್ಯ ಮುಳುಗುವವರೆಗೆ ಬ್ಲ್ಯಾಕೌಟ್ ಅನ್ನೋದೇ ಇಲ್ಲ. ಕಾಲೇಜು ಸೆಮಿನಾರ್ ಹಾಲ್‌ನಲ್ಲಿ ಕಿಟಕಿಗೆ ಕಪ್ಪು ಬಟ್ಟೆ ಕಟ್ಟದಿದ್ದರೆ ಅಲ್ಲೂ ಅದೇ ಕಥೆ. ಬೆಳಕಲ್ಲಿ ಆಡಬೇಕಾದರೆ ದೃಶ್ಯದ ಕೊನೆಯನ್ನು ನಟನ ಕೆಲಸದಿಂದಲೇ ಮುಗಿಸಬೇಕು. ಎಲ್ಲರೂ ಕದಲದೆ ನಿಲ್ಲೋದು, ಬೆನ್ನು ತಿರುಗಿಸೋದು, ಹೊರಗೆ ನಡೆಯೋದು. ಆ ಬದಲಿ ಸಾಲನ್ನೂ ಸ್ಕ್ರಿಪ್ಟಲ್ಲಿ ಬರೆದಿಟ್ಟಿರಬೇಕು.

ಬಣ್ಣ ಮತ್ತು ಬಲ್ಬಿನ ಗುಣ

ಸೀರೆ ಅಂಗಡಿಗೆ ಬಂದ ಗಿರಾಕಿ ಸೀರೆಯನ್ನು ಬಾಗಿಲ ಹತ್ತಿರ ಬಿಸಿಲಿಗೆ ತಂದು ನೋಡೋದು ಯಾಕೆ? ಒಳಗಿನ ಬೆಳಕಲ್ಲಿ ಬಣ್ಣ ಬೇರೆ ಕಾಣುತ್ತೆ ಅಂತ. ರಂಗದಲ್ಲಿ ಇದು ಇನ್ನೂ ಜೋರು. ಕೆಂಪು ಬಟ್ಟೆ ಕೆಂಪು ಬೆಳಕನ್ನಷ್ಟೇ ವಾಪಸ್ ಕಳಿಸುತ್ತೆ. ಅದರ ಮೇಲೆ ಗಾಢ ನೀಲಿ ಬೆಳಕು ಬಿದ್ದರೆ ವಾಪಸ್ ಕಳಿಸೋಕೆ ಏನೂ ಇರಲ್ಲ, ಸೀರೆ ಕಪ್ಪಾಗಿ ಕಾಣುತ್ತೆ. ಮೇಲಿನ ದೃಶ್ಯದಲ್ಲಿ ನೆನಪಿಗೆ ನೀಲಿ ಬರೆದಿದೆ. ಅಲ್ಲಿ ಕಾರ್ಮಿಕರ ಕೈಯಲ್ಲಿ ಕೆಂಪು ಬಾವುಟ ಇದ್ದರೆ ಅದು ಕಪ್ಪು ಬಾವುಟ ಆಗುತ್ತೆ, ಕಥೆಯ ಅರ್ಥವೇ ಬದಲಾಗುತ್ತೆ. ಇದನ್ನು ಮನೆಯಲ್ಲೇ ನೋಡಬಹುದು. ಮೊಬೈಲ್ ಪರದೆ ಪೂರ್ತಿ ನೀಲಿ ಮಾಡಿ, ಕತ್ತಲ ಕೋಣೆಯಲ್ಲಿ ಬಟ್ಟೆಯ ಹತ್ತಿರ ಹಿಡಿದರೆ ಸಾಕು.

‘ತಕ್ಷಣ ಆಫ್’ ಅನ್ನೋದೂ ಎಲ್ಲ ಲೈಟಿಗೂ ಒಂದೇ ಅಲ್ಲ. ಹಳೇ ಹ್ಯಾಲೋಜನ್ ಬಲ್ಬಿನ ತಂತಿ ಕರೆಂಟ್ ಹೋದ ಮೇಲೂ ಒಂದು ಕ್ಷಣ ಕೆಂಪಗೆ ಉರಿದು ಆರುತ್ತೆ. ಎಲ್‌ಇಡಿ ಕತ್ತರಿಸಿದ ಹಾಗೆ ಆರುತ್ತೆ. ಆದರೆ ಕಡಿಮೆ ಬೆಲೆಯ ಎಲ್‌ಇಡಿಯನ್ನು ತೀರಾ ನಿಧಾನವಾಗಿ ಇಳಿಸುವಾಗ ಕೊನೆಯಲ್ಲಿ ಮೆಟ್ಟಿಲು ಇಳಿದ ಹಾಗೆ ಜಗ್ಗುತ್ತೆ. ಅಂಥ ಕಡೆ 10 ಸೆಕೆಂಡಿನ ನಿಧಾನ ಕತ್ತಲು ಬರೆಯೋದಕ್ಕಿಂತ 3 ಸೆಕೆಂಡಿನದ್ದು ಬರೆಯೋದು ಕ್ಷೇಮ.

ಕಾಲೇಜಲ್ಲೇ ಒಂದು ದಿನ ಲೈಟ್ ಬಾಡಿಗೆಗೆ ತಂದು ರಿಹರ್ಸಲ್ ಮಾಡೋ ತಂಡಗಳು ಪ್ಲಗ್ ಕಡೆ ನೋಡಬೇಕು. 1000 ವ್ಯಾಟಿನ ಒಂದು ಲೈಟ್ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತೆ. ಗೋಡೆಯ 6 ಆಂಪಿಯರ್ ಸಣ್ಣ ಪ್ಲಗ್‌ಗೆ ಒಂದೇ ಲೈಟ್. 16 ಆಂಪಿಯರ್ ದೊಡ್ಡ ಪ್ಲಗ್‌ಗೆ ಮೂರು, ಅದೂ ವೈರಿಂಗ್ ಸರಿಯಾಗಿದ್ದರೆ. ನಾಲ್ಕನೆಯದು ಹಾಕಿದರೆ 17 ದಾಟುತ್ತೆ. ಟ್ರಿಪ್ ಆದರೆ ಅದೃಷ್ಟ, ಆಗದಿದ್ದರೆ ವೈರ್ ಬಿಸಿಯಾಗುತ್ತೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಾಲಾಗಿ ಚುಚ್ಚೋದು ಬೇಡವೇ ಬೇಡ. ಕಾಲೇಜಿನ ಎಲೆಕ್ಟ್ರಿಷಿಯನ್ ಕೇಳಿಕೊಂಡೇ ಮಾಡಬೇಕು.

ಸ್ಪರ್ಧೆಯ ದಿನ ಯಾರು ಏನು ಮಾಡಬೇಕು?

ತಂಡದವರಲ್ಲಿ ಒಬ್ಬರು ಆಪರೇಟರ್ ಪಕ್ಕ ಕೂತು ಕ್ಯೂ ಹೇಳಬೇಕು. ಅವರಿಗೆ ನಾಟಕ ಪೂರ್ತಿ ಗೊತ್ತಿರಬೇಕು, ನಟಿಸುವವರು ಆಗಿರಬಾರದು. ಪ್ರತಿ ಕ್ಯೂಗೂ ಎರಡು ಸಲ ಹೇಳೋದು. ಅರ್ಧ ನಿಮಿಷ ಮೊದಲು ‘ನಾಲ್ಕು, ರೆಡಿ’, ಸಮಯ ಬಂದಾಗ ‘ನಾಲ್ಕು, ಗೋ’. ‘ಗೋ’ ಅನ್ನೋ ಪದವನ್ನು ಬೇರೆ ಯಾವ ಮಾತಿಗೂ ಬಳಸಬಾರದು. ‘ನಾಲ್ಕಕ್ಕೆ ಗೋ ಹೇಳ್ತೀನಿ ಇರಿ’ ಅಂದರೆ ಆಪರೇಟರ್ ಕೈ ಆಗಲೇ ಹೋಗಿರುತ್ತೆ.

‘ರೆಡಿ’ ಎಲ್ಲಿ ಹೇಳಬೇಕು ಅನ್ನೋದನ್ನೂ ಸ್ಕ್ರಿಪ್ಟಿನ ಅಂಚಲ್ಲಿ ಮೊದಲೇ ಗುರುತು ಮಾಡಿರಬೇಕು. ಹಾಳೆಯ ಒಂದೇ ಬದಿಗೆ ಮುದ್ರಿಸಿ, ಖಾಲಿ ಬದಿಯನ್ನು ಕ್ಯೂಗೆ ಬಿಟ್ಟುಕೊಂಡರೆ ಜಾಗ ಸಾಕಾಗುತ್ತೆ. ಕತ್ತಲಲ್ಲಿ ಓದೋಕೆ ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತೋರು ಇದ್ದಾರೆ. ಆಗ ಕೆಂಪು ಪೆನ್ನಿನಲ್ಲಿ ಬರೆದದ್ದು ಹಾಳೆಯಲ್ಲಿ ಮಾಯವಾಗುತ್ತೆ. ಕಪ್ಪು ಪೆನ್ನೇ ವಾಸಿ.

ತಾಲೀಮಿಗೆ ಅಲ್ಲಿ ಹತ್ತು ಹದಿನೈದು ನಿಮಿಷ ಸಿಕ್ಕರೆ ಪೂರ್ತಿ ನಾಟಕ ಆಡೋಕೆ ಹೋಗಬಾರದು. ಕ್ಯೂನಿಂದ ಕ್ಯೂಗೆ ಹಾರಬೇಕು. ಕ್ಯೂ ಬರುವ ಮೊದಲಿನ ಎರಡು ಮಾತು, ಬೆಳಕಿನ ಬದಲಾವಣೆ, ಆಮೇಲಿನ ಒಂದು ಮಾತು, ಅಷ್ಟೇ. ಮುಂದಿನ ಕ್ಯೂಗೆ ಹೋಗಿ. ಆರೇಳು ಕ್ಯೂ ಇದ್ದರೆ ಐದಾರು ನಿಮಿಷಕ್ಕೆ ಮುಗಿಯುತ್ತೆ. ನಲವತ್ತು ಕ್ಯೂ ಬರೆದ ತಂಡಕ್ಕೆ ಅರ್ಧವೂ ಮುಗಿಯಲ್ಲ, ಉಳಿದದ್ದು ದೇವರ ಮೇಲೆ ಭಾರ.

ಒಂದು ಕ್ಯೂ ತಪ್ಪಿಹೋದರೆ? ಅದನ್ನು ಹಿಂದೆ ಹೋಗಿ ಹಿಡಿಯೋಕೆ ಹೋಗಬಾರದು. 3 ತಪ್ಪಿದೆ, ಈಗ 4ರ ಸಮಯ ಅಂದರೆ ನೇರ 4ಕ್ಕೆ ಹೋಗಬೇಕು. ತಡವಾಗಿ 3 ಹಾಕಿ, ಅದರ ಹಿಂದೆಯೇ 4 ಹಾಕಿದರೆ ಸಭೆಗೆ ತಪ್ಪು ಎರಡು ಸಲ ಕಾಣುತ್ತೆ. ನಟರಿಗೂ ಒಂದು ಕಟ್ಟಳೆ ಇರಬೇಕು. ಬೆಳಕು ಬರಲಿಲ್ಲ ಅಂತ ಮಾತು ನಿಲ್ಲಿಸಬಾರದು, ಬೋರ್ಡ್ ಕಡೆ ನೋಡಬಾರದು. ಹತ್ತಿರದಲ್ಲಿ ಬೆಳಕಿರುವ ಜಾಗಕ್ಕೆ ಮಾತಾಡುತ್ತಲೇ ಒಂದು ಹೆಜ್ಜೆ ಇಟ್ಟರೆ ಅದು ತಪ್ಪು ಅಂತಲೇ ಯಾರಿಗೂ ತಿಳಿಯಲ್ಲ.

ಕತ್ತಲಲ್ಲಿ ನಡೆಯಬೇಕಾದ ಕಡೆ ಮೇಜಿನ ಅಂಚು, ಮೆಟ್ಟಿಲಿನ ತುದಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ತುಂಡು ಅಂಟಿಸುತ್ತಾರೆ. ಆ ಟೇಪ್ ಬೆಳಕು ಕುಡಿದೇ ಹೊಳೆಯೋದು. ಮೊದಲು ಸ್ವಲ್ಪ ಹೊತ್ತು ಅದರ ಮೇಲೆ ಬೆಳಕು ಬಿದ್ದಿರಬೇಕು, ಇಲ್ಲದಿದ್ದರೆ ಅದೂ ಕತ್ತಲೇ. ಜೋರು ಬೆಳಕಲ್ಲಿ ನಿಂತ ನಟನ ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಸಮಯ ಬೇಕು. ಅದಕ್ಕೇ ಬ್ಲ್ಯಾಕೌಟ್ ಆದ ಕೂಡಲೇ ಓಡಬಾರದು, ಮನಸ್ಸಲ್ಲಿ ಒಂದು ಎರಡು ಎಣಿಸಿ ಹೆಜ್ಜೆ ಇಡಬೇಕು. ಬ್ಲ್ಯಾಕೌಟ್ ಬರುವ ಮೊದಲು ಒಂದು ಕಣ್ಣು ಮುಚ್ಚಿಟ್ಟುಕೊಳ್ಳುವ ನಟರೂ ಇದ್ದಾರೆ. ಕತ್ತಲಾದಾಗ ತೆರೆದರೆ ಆ ಕಣ್ಣಿಗೆ ಸ್ವಲ್ಪ ಬೇಗ ಕಾಣುತ್ತೆ.

ಹೆಚ್ಚು ತಂಡಗಳು ಮರೆಯೋ ಕೊನೇ ಕ್ಯೂ

ಬಹಳಷ್ಟು ಸ್ಕ್ರಿಪ್ಟುಗಳು ‘ಕತ್ತಲು. ತೆರೆ’ ಅಂತ ಮುಗಿಯುತ್ತವೆ. ಸ್ಪರ್ಧೆಯಲ್ಲಿ ಕೆಲಸ ಅಲ್ಲಿಗೆ ಮುಗಿಯಲ್ಲ. ನಟರು ಬಂದು ನಮಸ್ಕಾರ ಮಾಡೋಕೆ ಬೆಳಕು ಬೇಕು, ಆಮೇಲೆ ಸೆಟ್ ತೆಗೆಯೋಕೆ ಪೂರ್ತಿ ಬೆಳಕು ಬೇಕು. ಅದನ್ನು ಬರೆಯದಿದ್ದರೆ ಆಪರೇಟರ್ ಕತ್ತಲಲ್ಲೇ ಕಾಯುತ್ತಾನೆ, ತಂಡದವರು ತಡಕಾಡುತ್ತಾ ಬೆಂಚು ಹೊರುತ್ತಾರೆ, ಗಡಿಯಾರ ಓಡುತ್ತಲೇ ಇರುತ್ತೆ.

ಮೇಲಿನ ಬಿನ್ನಿ ಮಿಲ್ ದೃಶ್ಯಕ್ಕೆ ಇನ್ನೆರಡು ಸಾಲು ಸೇರಿಸಬೇಕು. ಕ್ಯೂ 7: ಬ್ಲ್ಯಾಕೌಟ್ ಆದ 4 ಸೆಕೆಂಡಿಗೆ, 1, 2, 3 ಪೂರ್ತಿ ಆನ್, ನಮಸ್ಕಾರಕ್ಕೆ. ಕ್ಯೂ 8: ನಟರು ತಿರುಗಿದ ಕೂಡಲೇ ಎಲ್ಲ ಜಾಗ ಪೂರ್ತಿ ಆನ್, ಬಿಳಿ ಬೆಳಕು, ರಂಗ ಖಾಲಿ ಆಗುವವರೆಗೆ ಆರಿಸಬಾರದು. ಬೆಂಚು, ಒಲೆ, ಕ್ಯಾರಿಯರ್ ಹೊರಗೆ ಹೋಗಿ, ಹೇಗೆ ಸಿಕ್ಕಿತ್ತೋ ಹಾಗೆ ವೇದಿಕೆ ಖಾಲಿಯಾದ ಮೇಲೆಯೇ ಆ ತಂಡದ ಸ್ಕ್ರಿಪ್ಟ್ ನಿಜವಾಗಿ ಮುಗಿಯೋದು.